ಸಾಯುವವರ ಮಾತಿಗೆ ಸಾಕ್ಷಿಯ ಬೆಲೆ

ಸುಟ್ಟಗಾಯಗಳ ವಾರ್ಡಿನಲ್ಲಿ ಮಲಗಿದ ಹೆಂಗಸು ತನಗೆ ಬೆಂಕಿ ಹಚ್ಚಿದ್ದು ಯಾರೆಂದು ಹೇಳುತ್ತಾಳೆ. ಆಕೆ ತೀರಿಕೊಂಡರೆ ಅದೇ ಮರಣಪೂರ್ವ ಹೇಳಿಕೆ. ಬರೆದುಕೊಳ್ಳಲು ತಹಶೀಲ್ದಾರರೇ ಬರಬೇಕೆಂದಿಲ್ಲ. ವೈದ್ಯರು, ಪೊಲೀಸರು, ನೆರೆಯವರು, ಯಾರು ಕೇಳಿಸಿಕೊಂಡರೂ ಆದೀತು. ಆದರೆ ಮ್ಯಾಜಿಸ್ಟ್ರೇಟರು ಪ್ರಶ್ನೋತ್ತರವಾಗಿ, ಆಕೆಯ ಮಾತಿನಲ್ಲೇ ಬರೆದದ್ದಕ್ಕೆ ತೂಕ ಹೆಚ್ಚು.

ರೋಗಿಗೆ ಪ್ರಜ್ಞೆ ಇತ್ತೇ ಎಂಬಲ್ಲೇ ವಕೀಲರ ಜಗಳ. ವೈದ್ಯರ ಪ್ರಮಾಣಪತ್ರ ಇಲ್ಲವೆಂದ ಮಾತ್ರಕ್ಕೆ ಹೇಳಿಕೆ ಬಿದ್ದುಹೋಗದು, ಬರೆದುಕೊಂಡವರಿಗೆ ಆಕೆಯ ಮನಃಸ್ಥಿತಿ ಸರಿಯಿತ್ತೆಂದು ಖಾತ್ರಿಯಾಗಿದ್ದರೆ ಸಾಕು ಎಂದು 2002ರಲ್ಲಿ ಲಕ್ಷ್ಮಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿತು. ಸರಿಯಾದ ತೀರ್ಪೇ, ನಡುರಾತ್ರಿ ವೈದ್ಯರಿಗಾಗಿ ಕಾಯುವಷ್ಟರಲ್ಲಿ ಉಸಿರು ನಿಂತಿರುತ್ತದೆ.

ಮೊದಲು ಸ್ಟೌ ಸಿಡಿಯಿತೆಂದು, ಆಮೇಲೆ ಗಂಡನೇ ಹಚ್ಚಿದನೆಂದು ಹೇಳಿದ್ದರೆ ಕೋರ್ಟು ಅನುಮಾನಿಸುತ್ತದೆ. ಪಕ್ಕದಲ್ಲಿ ಯಾರಿದ್ದರು, ಯಾರು ಹೇಳಿಕೊಟ್ಟರು ಎಂದು ಕೆದಕುತ್ತದೆ. ಹೇಳಿಕೆ ನಂಬುವಂತಿದ್ದರೆ ಮಾತ್ರ, ಬೇರೆ ಸಾಕ್ಷಿಯಿಲ್ಲದೆಯೂ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದು.