ಹೆಚ್ಚುವರಿ ಕೆಲಸದ ಬಾಕಿ: ಕೊನೆಯ ಪುಟದಿಂದ ಬರೆಯುವ ಅರ್ಜಿ

ಇಂಡೊನೇಷ್ಯಾದ ಸರ್ಕಾರಿ ಅನಿಲ ಕಂಪನಿ ಪಿಜಿಎನ್, ಸುಮಾತ್ರಾದ ಗ್ರಿಸಿಕ್‌ನಿಂದ ಪಗರ್‌ದೇವಾವರೆಗೆ ಕೊಳವೆಮಾರ್ಗ ಹಾಕುವ ಕೆಲಸವನ್ನು 2006ರಲ್ಲಿ ಸಿಆರ್‌ಡಬ್ಲ್ಯು ಎಂಬ ಜಂಟಿ ಗುತ್ತಿಗೆ ಸಂಸ್ಥೆಗೆ ವಹಿಸಿತು. ಕೆಲಸ ನಡೆಯುತ್ತಿದ್ದಾಗ ಗುತ್ತಿಗೆದಾರರು ಮುಂದಿಟ್ಟ 13 ಬದಲಾವಣೆ ಪ್ರಸ್ತಾವಗಳಿಗೆ ಎಷ್ಟು ಹಣ ಸಲ್ಲಬೇಕು ಎಂಬ ತಕರಾರು ಎದ್ದಿತು. ಒಪ್ಪಂದದಲ್ಲೇ ಇದ್ದ ವಿವಾದ ಮಂಡಳಿ ವಿಚಾರಣೆ ನಡೆಸಿ, ಸುಮಾರು 1.73 ಕೋಟಿ ಡಾಲರ್ ಕೊಡಿ ಎಂದು 2008ರ ನವೆಂಬರ್‌ನಲ್ಲಿ ಹೇಳಿತು. ಪಿಜಿಎನ್ ಅಸಮಾಧಾನದ ನೋಟಿಸ್ ಕೊಟ್ಟು ಕೈಕಟ್ಟಿ ಕೂತಿತು.

ಗುತ್ತಿಗೆದಾರರು ಪಂಚಾಯ್ತಿಗೆ, ಅಂದರೆ ಆರ್ಬಿಟ್ರೇಷನ್‌ಗೆ ಹೋದರು. ಅಲ್ಲಿ ಅವರು ಕೇಳಿದ್ದು ಇಷ್ಟೇ: ಮಂಡಳಿಯ ತೀರ್ಮಾನ ಸರಿಯೋ ತಪ್ಪೋ ನೋಡಬೇಡಿ, ಅದನ್ನು ಜಾರಿ ಮಾಡಿ ಅಂತಿಮ ಆದೇಶ ಕೊಡಿ. ಆದೇಶ ಸಿಕ್ಕಿತು. ಸಿಂಗಪುರದ ನ್ಯಾಯಾಲಯ ಅದನ್ನು ರದ್ದು ಮಾಡಿತು, 2011ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೂ ರದ್ದತಿಯನ್ನು ಎತ್ತಿಹಿಡಿಯಿತು. ಮೂಲ ವಿವಾದವನ್ನು ಮುಟ್ಟದೆ ಅಂತಿಮ ಆದೇಶ ಕೊಡಲು ಬರುವುದಿಲ್ಲ ಎಂಬುದು ತಾತ್ಪರ್ಯ. ಎರಡನೇ ಸಲ ಅವರು ಬೇಡಿಕೆಯನ್ನೇ ಬೇರೆ ಥರ ಬರೆದರು: ಮೂಲ ವಿವಾದವನ್ನೂ ತೀರ್ಮಾನಿಸಿ, ಅದು ಮುಗಿಯುವವರೆಗೆ ಮಂಡಳಿ ಹೇಳಿದ ಹಣ ಕೊಡಲು ಮಧ್ಯಂತರ ಆದೇಶ ಮಾಡಿ. 2015ರ ಮೇ ತಿಂಗಳಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ, ಈ ಬಾರಿ ಬಹುಮತದಿಂದ, ಅದನ್ನು ಉಳಿಸಿತು. ಕೆಲಸದ ಗುಣದ ಬಗ್ಗೆಯಾಗಲಿ ಅಳತೆಯ ಬಗ್ಗೆಯಾಗಲಿ ಅಲ್ಲಿಯವರೆಗೆ ಹೊಸದೇನೂ ಸಾಬೀತಾಗಿರಲಿಲ್ಲ. ಬದಲಾಗಿದ್ದು ಬೇಡಿಕೆಯ ಒಕ್ಕಣೆ.

ಆದ್ದರಿಂದ ವಿವಾದ ಮಂಡಳಿಯ ಮುಂದಿಡುವ ನಿಲುವಿನ ಪತ್ರ, ಎಂದರೆ ಪೊಸಿಷನ್ ಪೇಪರ್, ಬರೆಯಲು ಕೂತವರು ಕೊನೆಯ ಪುಟವನ್ನು ಮೊದಲು ಬರೆಯಬೇಕು ಅನ್ನುತ್ತೇನೆ. ಸಾಮಾನ್ಯವಾಗಿ ಆಗುವುದು ಇದರ ತಿರುಗುಮುರುಗು. ನಲವತ್ತು ಪುಟ ನೋವು ತೋಡಿಕೊಂಡು, ಕೊನೆಗೆ ‘ನ್ಯಾಯ ದೊರಕಿಸಿಕೊಡಬೇಕಾಗಿ ವಿನಂತಿ’ ಎಂದು ಸಹಿ ಹಾಕಿರುತ್ತಾರೆ. ಮಂಡಳಿ ಅದಕ್ಕೆ ಯಾವ ಆದೇಶ ಬರೆಯಬೇಕು?

ಹೇಗೆ ಬರೆಯುವುದೆಂದು ನೋಡಲು ಒಂದು ಕಲ್ಪಿತ ಪ್ರಸಂಗ ತೆಗೆದುಕೊಳ್ಳೋಣ. ವಿಶ್ವಬ್ಯಾಂಕ್‌ನಂಥ ಸಂಸ್ಥೆಗಳ ಸಾಲದಲ್ಲಿ ನಡೆಯುವ ದೊಡ್ಡ ಕಾಮಗಾರಿಗಳಲ್ಲಿ ಫಿಡಿಕ್ ಸಂಸ್ಥೆಯ ಮಾದರಿ ಒಪ್ಪಂದಗಳು ನಮ್ಮಲ್ಲೂ ಬಳಕೆಯಲ್ಲಿವೆ. ಅಂಥ ಒಂದು ಒಪ್ಪಂದ, 1999ರ ಕೆಂಪು ಪುಸ್ತಕದ್ದು, ಮಲೆನಾಡಿನ ಒಂದು ಸೇತುವೆಗೆ ಆಗಿದೆ ಎಂದಿಟ್ಟುಕೊಳ್ಳಿ. ದರಪಟ್ಟಿಯಲ್ಲಿ ‘ಸಿಡಿಮದ್ದು ಬಳಸಿ ಗಟ್ಟಿ ಬಂಡೆ ಅಗೆಯುವುದು’ ಎಂಬ ಬಾಬ್ತಿಗೆ ಘನ ಮೀಟರಿಗೆ 620 ರೂಪಾಯಿ ಇದೆ. 2024ರ ಫೆಬ್ರವರಿ 26ರಂದು ಬಂದ ಪರಿಷ್ಕೃತ ನಕ್ಷೆಯಲ್ಲಿ ಸೇತುವೆಯ ಒಂದು ತುದಿ ಊರಿನ ಮನೆಗಳ ಕಡೆಗೆ ಸರಿಯಿತು. ಮಾರ್ಚ್ 4ರ ಸೋಮವಾರ ಸೈಟಿಗೆ ಬಂದ ಎಂಜಿನಿಯರ್, ‘ಇಲ್ಲಿ ಮದ್ದು ಸಿಡಿಸಬೇಡಿ, ಬ್ರೇಕರ್ ಹಾಕಿ ಒಡೆಯಿರಿ’ ಎಂದು ಬಾಯಲ್ಲಿ ಹೇಳಿ ಹೋದರು. 1,840 ಘನ ಮೀಟರ್ ಬಂಡೆ ಹಾಗೇ ಒಡೆದಾಯಿತು. ಬಿಲ್ ಪಾಸಾದಾಗ ಹಳೆಯ 620 ರೂಪಾಯಿ ದರವೇ ಬಿತ್ತು.

ಇಲ್ಲಿ ಗುತ್ತಿಗೆದಾರರು ಗೆಲ್ಲಬೇಕಾದ ಮೊದಲ ಮಾತು, ಆದೇಶ ಇತ್ತು ಎಂಬುದು. ಈ ಒಪ್ಪಂದದ 3.3ನೇ ಕಲಮು ಇದಕ್ಕೊಂದು ದಾರಿ ಇಟ್ಟಿದೆ. ಬಾಯಿಮಾತಿನ ಆದೇಶ ಬಂದ ಎರಡು ಕೆಲಸದ ದಿನಗಳೊಳಗೆ ಗುತ್ತಿಗೆದಾರ ಅದನ್ನು ಬರೆದು ಖಚಿತಪಡಿಸಬೇಕು. ಅದು ಕೈಸೇರಿದ ಎರಡು ಕೆಲಸದ ದಿನಗಳೊಳಗೆ ಎಂಜಿನಿಯರ್ ಲಿಖಿತವಾಗಿ ತಿರಸ್ಕರಿಸದಿದ್ದರೆ ಅಥವಾ ಬೇರೆ ಆದೇಶ ಕೊಡದಿದ್ದರೆ, ಗುತ್ತಿಗೆದಾರನ ಪತ್ರವೇ ಎಂಜಿನಿಯರರ ಲಿಖಿತ ಆದೇಶವಾಗುತ್ತದೆ. ನಮ್ಮ ಗುತ್ತಿಗೆದಾರರು ಮಾರ್ಚ್ 6ರಂದು ಪತ್ರ ಮುಟ್ಟಿಸಿ ಸೀಲು ಹಾಕಿಸಿಕೊಂಡಿದ್ದಾರೆ. ಹಾಗಾದರೆ ಎಂಜಿನಿಯರರ ಗಡುವು ಮುಗಿದದ್ದು ಯಾವಾಗ? ‘8ರವರೆಗೆ ಉತ್ತರ ಬರಲಿಲ್ಲ’ ಎಂದು ಬರೆದುಬಿಡುವುದು ಸುಲಭ. ಆದರೆ ಆ ವರ್ಷ ಮಾರ್ಚ್ 8 ಮಹಾಶಿವರಾತ್ರಿ, 9 ಎರಡನೇ ಶನಿವಾರ, 10 ಭಾನುವಾರ. ಕೆಲಸದ ದಿನ ಎಂದರೇನು ಎಂದು ಈ ಮಾದರಿಯಲ್ಲಿ ವಿವರಣೆಯಿಲ್ಲ. ಎದುರಿನವರು 7 ಒಂದು ದಿನ, 11 ಇನ್ನೊಂದು ದಿನ ಎಂದು ಎಣಿಸುತ್ತಾರೆ. ತಿಳಿದವರು ತಮಗೆ ಪ್ರತಿಕೂಲವಾದ ಲೆಕ್ಕವನ್ನೇ ಹಿಡಿದು, ‘ಮಾರ್ಚ್ 11ರ ಕಚೇರಿ ಸಮಯ ಮುಗಿಯುವವರೆಗೂ ಉತ್ತರ ಬಂದಿಲ್ಲ, ಆವಕ ವಹಿಯ ಪ್ರತಿ ಲಗತ್ತಿಸಿದೆ’ ಎಂದು ಬರೆಯುತ್ತಾರೆ. ವಾದಕ್ಕೆ ಅಲ್ಲಿ ಜಾಗವೇ ಉಳಿಯುವುದಿಲ್ಲ.

ಸಂಗತಿಗಳ ಭಾಗವೆಲ್ಲ ಇದೇ ಹದದಲ್ಲಿರಬೇಕು. ಒಂದು ಸಂಖ್ಯೆಯ ಪ್ಯಾರಾ, ಅದರಲ್ಲಿ ಒಂದು ಘಟನೆ, ತಾರೀಖು, ಮಾಡಿದವರು ಯಾರು, ಲಗತ್ತು ಎಷ್ಟನೆಯದು. ‘ದುರುದ್ದೇಶದಿಂದ’, ‘ಕಂಡೂ ಕಾಣದಂತೆ’ ಎಂಬಂಥ ಮಾತು ಒಂದೂ ಬೇಡ. ಅಂಥ ಮಾತು ಬಂದ ಕಡೆ ಎದುರು ಪಕ್ಷಕ್ಕೆ ಅಲ್ಲಗಳೆಯಲು ಏನಾದರೂ ಸಿಗುತ್ತದೆ. ತಮಗೆ ಹಿಡಿಸದ ಕಾಗದವನ್ನೂ ಸೇರಿಸಬೇಕು. ಬ್ರೇಕರ್ ಮೂರು ದಿನ ಕೆಟ್ಟು ನಿಂತಿತ್ತು ಎಂದು ಲಾಗ್‌ಬುಕ್ಕಿನಲ್ಲಿದ್ದರೆ, ಅದನ್ನು ಮಂಡಳಿ ಎದುರಿನವರ ಕೈಯಿಂದ ಓದುವುದಕ್ಕಿಂತ ನಮ್ಮ ಪತ್ರದಲ್ಲಿ ಓದುವುದು ಮೇಲು.

ಎರಡನೇ ಮಾತು, ಇದು ಬದಲಾವಣೆಯೇ ಎಂಬುದು. ಇಲಾಖೆ ಏನು ಹೇಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಬಂಡೆ ಒಡೆಯುವ ವಿಧಾನ ಗುತ್ತಿಗೆದಾರನ ಜವಾಬ್ದಾರಿ. ಟೆಂಡರ್ ಹಾಕುವ ಮುಂಚೆ ಸ್ಥಳ ನೋಡಿದ್ದೀರಿ, ಮನೆಗಳು ಆಗಲೂ ಇದ್ದವು. ವಾದ ಹುರುಳಿಲ್ಲದ್ದಲ್ಲ. ಉತ್ತರ ಎರಡು ಕಾಗದಗಳಲ್ಲಿದೆ. ದರಪಟ್ಟಿಯ ಬಾಬ್ತಿನಲ್ಲೇ ‘ಸಿಡಿಮದ್ದು ಬಳಸಿ’ ಎಂದಿರುವುದರಿಂದ ವಿಧಾನ ಆ ಬಾಬ್ತಿನ ಲಕ್ಷಣವೇ ಆಗಿತ್ತು. ಕೆಲಸದ ಬಾಬ್ತಿನ ಗುಣ ಲಕ್ಷಣ ಬದಲಿಸುವುದು 13.1ರ ಪ್ರಕಾರ ಬದಲಾವಣೆ. ಮನೆಗಳು ಆಗಲೂ ಇದ್ದವು ನಿಜ, ಆದರೆ ಹಳೆಯ ನಕ್ಷೆಯ ಜಾಗ ಅವುಗಳಿಂದ ದೂರವಿತ್ತು. ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟ ಒಂದು ಚಿತ್ರ ಇಲ್ಲಿ ಐದು ಪುಟದ ಕೆಲಸ ಮಾಡುತ್ತದೆ.

ಮೂರನೆಯದು ದರ. ಬಹಳ ಜನ ಎಡವುವುದು ಇಲ್ಲಿ. 12.3ನೇ ಕಲಮಿನಲ್ಲಿ ಹೊಸ ದರಕ್ಕೆ ಎರಡು ಬಾಗಿಲುಗಳಿವೆ. ಮೊದಲನೆಯದು ಪ್ರಮಾಣ ಬದಲಾದಾಗಿನದು: ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಾಗಿರಬೇಕು, ಜೊತೆಗೆ ಇನ್ನೂ ಕೆಲವು ಷರತ್ತುಗಳು ಒಟ್ಟಿಗೇ ಕೂಡಿಬರಬೇಕು. ಎರಡನೆಯದು ಬದಲಾವಣೆಯ ಆದೇಶದಿಂದ ಬಂದ ಕೆಲಸಕ್ಕೆ: ಅದೇ ಬಗೆಯ, ಅದೇ ಪರಿಸ್ಥಿತಿಯಲ್ಲಿ ಮಾಡಿದ ಕೆಲಸದ ದರ ಪಟ್ಟಿಯಲ್ಲಿ ಇಲ್ಲದಿದ್ದರೆ ಹೊಸ ದರ. ಶೇ 10 ಎಂಬುದು ಎಲ್ಲರ ಬಾಯಲ್ಲಿರುವ ಅಂಕಿ. ಅದನ್ನೇ ಉದ್ಧರಿಸಿದರೆ, ಬಂಡೆಯ ಪ್ರಮಾಣ ಹೆಚ್ಚಾಗಿಲ್ಲವಲ್ಲ ಎಂದು ಇಲಾಖೆ ಒಂದೇ ಸಾಲಿನಲ್ಲಿ ಗೆಲ್ಲುತ್ತದೆ. ನಮ್ಮದು ಎರಡನೇ ಬಾಗಿಲು. ಹೊಸ ದರವನ್ನು ಒಪ್ಪಂದದ ಸಂಬಂಧಪಟ್ಟ ದರಗಳಿಂದ ಕಟ್ಟಬೇಕು. ಅಂಥದ್ದು ಇಲ್ಲವೆಂದರೆ ನ್ಯಾಯವಾದ ವೆಚ್ಚ ಮತ್ತು ನ್ಯಾಯವಾದ ಲಾಭದಿಂದ.

ಲೆಕ್ಕ ಹೀಗೆ. ಚಾಲಕ, ಡೀಸೆಲ್ ಸೇರಿ ಬ್ರೇಕರ್ ಬಾಡಿಗೆ ಗಂಟೆಗೆ 2,400 ರೂಪಾಯಿ. ಲಾಗ್‌ಬುಕ್ಕಿನ ಸರಾಸರಿಯಂತೆ ಗಂಟೆಗೆ ಒಂದೂವರೆ ಘನ ಮೀಟರ್, ಅಂದರೆ ಘನ ಮೀಟರಿಗೆ 1,600. ತುಂಬಿ ಸಾಗಿಸಲು 400. ಈ 2,000ಕ್ಕೆ ಕಚೇರಿ ವೆಚ್ಚ ಶೇ 8, ಅದರ ಮೇಲೆ ಲಾಭ ಶೇ 10 ಸೇರಿದರೆ 2,376. ಕೊಟ್ಟ 620 ಕಳೆದು 1,756. 1,840 ಘನ ಮೀಟರಿಗೆ 32,31,040 ರೂಪಾಯಿ.

ಪರ್ಯಾಯ ಬೇಡಿಕೆಯನ್ನು ಬಹಳ ಮಂದಿ ಬರೆಯುವುದೇ ಇಲ್ಲ, ದೌರ್ಬಲ್ಯ ತೋರಿಸಿದಂತಾಗುತ್ತದೆ ಎಂಬ ಅಳುಕಿನಿಂದ. ನನಗೆ ಇದು ದುಬಾರಿ ಅಳುಕು ಅನ್ನಿಸುತ್ತದೆ. ಕೆಟ್ಟು ನಿಂತ ದಿನಗಳನ್ನು ಕಳೆದು, ಗಂಟೆಗೆ ಎರಡು ಘನ ಮೀಟರ್ ಆಗಬೇಕಿತ್ತು ಎಂದು ಮಂಡಳಿಗೆ ತೋರಿದರೆ? ಆಗ ದರ 1,900.80, ಬಾಕಿ 23,56,672. ಈ ಅಂಕಿಯನ್ನು ನಾವೇ ಕಟ್ಟಿ ಕೊಟ್ಟಿದ್ದರೆ ಮಂಡಳಿ ಅಲ್ಲಿಗೆ ನಿಲ್ಲುತ್ತದೆ. ಕೊಡದಿದ್ದರೆ, ಎದುರಿಗಿರುವುದು 32 ಲಕ್ಷ ಅಥವಾ ಸೊನ್ನೆ, ಇಲ್ಲವೇ ಇಲಾಖೆ ಕಟ್ಟಿದ ಲೆಕ್ಕ.

ನೋಟಿಸಿನ ವಿಷಯ ಚಿಕ್ಕದು, ಪ್ರಾಣಾಂತಿಕ. 20.1ರಂತೆ ಹಕ್ಕಿನ ಕಾರಣ ತಿಳಿದ, ಅಥವಾ ತಿಳಿಯಬೇಕಾಗಿದ್ದ ದಿನದಿಂದ 28 ದಿನಗಳೊಳಗೆ ನೋಟಿಸ್, 42 ದಿನಗಳೊಳಗೆ ವಿವರ. ಬದಲಾವಣೆಯ ದರಕ್ಕೂ ಈ ನೋಟಿಸ್ ಬೇಕೇ ಎಂಬ ಬಗ್ಗೆ ವಕೀಲರಲ್ಲಿ ಚರ್ಚೆಯುಂಟು. ಮಾರ್ಚ್ 22ಕ್ಕೆ ನೋಟಿಸ್, ಏಪ್ರಿಲ್ 12ಕ್ಕೆ ವಿವರ ಕೊಟ್ಟಿದ್ದರೆ ಆ ಚರ್ಚೆಗೆ ಇಳಿಯಬೇಕಾದ್ದೇ ಇಲ್ಲ.

ಇನ್ನು ಕೊನೆಯ ಪುಟದ ಬೇಡಿಕೆಗಳು ಹೀಗೆ ಬರುತ್ತವೆ. ಮಾರ್ಚ್ 4ರ ಆದೇಶ 13ನೇ ಕಲಮಿನ ಬದಲಾವಣೆ ಎಂದು ತೀರ್ಮಾನಿಸಬೇಕು. ಅದರ ದರ 12.3ರಂತೆ 2,376 ಎಂದು ನಿಗದಿ ಮಾಡಬೇಕು, ಪರ್ಯಾಯವಾಗಿ 1,900.80, ಅದೂ ಅಲ್ಲವಾದರೆ ಮಂಡಳಿಗೆ ತೋರಿದ್ದು. 32,31,040 ರೂಪಾಯಿ ಅಥವಾ ಮಂಡಳಿ ನಿಗದಿಪಡಿಸಿದ ಮೊತ್ತವನ್ನು ಇಂತಿಷ್ಟು ದಿನಗಳೊಳಗೆ ಕೊಡಲು ಮಾಲೀಕರಿಗೆ ಹೇಳಬೇಕು. ತಡವಾದ ಹಣಕ್ಕೆ 14.8ರಂತೆ ಶುಲ್ಕ, ಅಂದರೆ ಕೇಂದ್ರ ಬ್ಯಾಂಕಿನ ಡಿಸ್ಕೌಂಟ್ ದರದ ಮೇಲೆ ಶೇ 3, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬಿಲ್ ಏಪ್ರಿಲ್ 5ಕ್ಕೆ ಸಲ್ಲಿದ್ದರೆ 56 ದಿನಗಳ ಗಡುವು ಮೇ 31ಕ್ಕೆ ಮುಗಿಯುತ್ತದೆ. ಶುಲ್ಕ ಅದರ ಮರುದಿನದಿಂದ ಎಂದು ತಾರೀಖು ಹಾಕಿಯೇ ಕೇಳಬೇಕು. ತೀರ್ಮಾನಿಸುವುದು, ನಿಗದಿ ಮಾಡುವುದು, ಕೊಡಲು ಹೇಳುವುದು ಬೇರೆ ಬೇರೆ ಕೆಲಸಗಳು. ಹಕ್ಕು ಇದೆ ಎಂದಷ್ಟೇ ಹೇಳಿಸಿಕೊಂಡು ಮೊತ್ತ ಹೇಳಿಸಿಕೊಳ್ಳದೆ ಬಂದವರು ಅದೇ ಎಂಜಿನಿಯರರ ಮುಂದೆ ಮತ್ತೆ ನಿಲ್ಲಬೇಕಾಗುತ್ತದೆ.

ಮಂಡಳಿಗೆ 84 ದಿನಗಳ ಕಾಲಾವಕಾಶ. ಅದರ ಮಾತು ಬದಲಾಗುವವರೆಗೆ ಎರಡೂ ಪಕ್ಷವನ್ನು ಕಟ್ಟುತ್ತದೆ. 28 ದಿನಗಳೊಳಗೆ ಯಾರೂ ಅಸಮಾಧಾನದ ನೋಟಿಸ್ ಕೊಡದಿದ್ದರೆ ಅಂತಿಮವೂ ಆಗುತ್ತದೆ. ಬ್ರಿಟನ್ನಿನಲ್ಲಿ 1996ರ ಕಾಯ್ದೆಯೇ ಇಂಥ ನಿರ್ಣಯಕ್ಕೆ 28 ದಿನಗಳ ಗಡುವಿಟ್ಟಿದೆ, ಅಲ್ಲಿನ ನ್ಯಾಯಾಲಯಗಳು ನಿರ್ಣಯವನ್ನು ಬೇಗ ಜಾರಿ ಮಾಡುತ್ತವೆ. ಸಿಂಗಪುರ, ಮಲೇಷ್ಯಾಗಳಲ್ಲೂ ಇದಕ್ಕೆ ಕಾಯ್ದೆಗಳಿವೆ. ಭಾರತದಲ್ಲಿ ಅಂಥ ಕಾಯ್ದೆ ಇಲ್ಲ. ಮಂಡಳಿಯ ತೀರ್ಮಾನ ಆರ್ಬಿಟ್ರೇಷನ್ ಆದೇಶದಂತೆ ನೇರವಾಗಿ ಜಾರಿಯಾಗುವುದಿಲ್ಲ. ಮಾಲೀಕರು ಕೊಡದಿದ್ದರೆ ಆರ್ಬಿಟ್ರೇಷನ್‌ಗೇ ಹೋಗಬೇಕು, ಅಲ್ಲಿ ಮೂಲ ವಿವಾದವನ್ನು ಮುಂದಿಟ್ಟು, 1996ರ ನಮ್ಮ ಕಾಯ್ದೆಯ 31(6)ರ ಅಡಿ ಮಧ್ಯಂತರ ಆದೇಶ ಕೇಳಬೇಕು. ಆ ಅರ್ಜಿಗೆ ಆಧಾರವಾಗುವುದು ಮಂಡಳಿ ಬರೆದ ಅಂಕಿ ಮತ್ತು ತಾರೀಖು. ಅವೆರಡನ್ನೂ ಮಂಡಳಿ ನಕಲು ಮಾಡಿಕೊಳ್ಳುವಷ್ಟು ಸ್ಪಷ್ಟವಾಗಿ ನಿಲುವಿನ ಪತ್ರದಲ್ಲೇ ಬರೆದಿಟ್ಟಿರಬೇಕು.