ಎರಡು ನಿಯಮ ಎದುರುಬದುರಾದಾಗ ಯಾವುದು ಮುಂದೆ?

ರಮಝಾನ್ ಹತ್ತಿರ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮಸೀದಿ ಕಮಿಟಿಗಳಲ್ಲಿ ಬೈತುಲ್ ಮಾಲ್‌ನ ಪಟ್ಟಿ ಮಾಡುವ ಕೆಲಸ ಶುರುವಾಗುತ್ತದೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಐದಾರು ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಒಂದೊಂದನ್ನೇ ಓದಿದರೆ ಎಲ್ಲವೂ ಸರಿಯಾಗಿಯೇ ಇರುತ್ತವೆ. ಒಂದೇ ಮನೆಗೆ ಎರಡು ನಿಯಮ ಒಟ್ಟಿಗೆ ತಾಗಿ, ಒಂದು ‘ಕೊಡು’ ಎಂದೂ ಇನ್ನೊಂದು ‘ಕೊಡಬೇಡ’ ಎಂದೂ ಹೇಳಿದಾಗ ತೊಡಕು ಏಳುತ್ತದೆ. ಆಗ ತೀರ್ಪು ಹಾಳೆಯ ಕೈಯಿಂದ ಜಾರಿ, ಆ ದಿನ ಜೋರಾಗಿ ಮಾತಾಡಿದವರ ಕೈಗೆ ಹೋಗುತ್ತದೆ. ಇದಕ್ಕೆ ದೀನಿನಲ್ಲೇ ಒಂದು ಮಾದರಿ ಇದೆ. ಈ ಜುಮಾದ ಬಯಾನಿನಲ್ಲಿ ಅದನ್ನೇ ಹೇಳಿದೆವು, ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ನಮಾಝಿಗೆ ಇಮಾಮತ್ ಮಾಡುವವರು ಯಾರು ಎಂಬ ಪ್ರಶ್ನೆಗೆ ಪ್ರವಾದಿ(ಸ) ಕೊಟ್ಟ ಉತ್ತರ ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಮಸ್‌ಊದ್ ಅನ್ಸಾರಿ(ರ) ಅವರಿಂದ ವರದಿಯಾಗಿದೆ. ಅದರ ಸಾರ ಹೀಗಿದೆ. ಕುರ್‌ಆನ್ ಓದುವುದರಲ್ಲಿ ಮುಂದಿರುವವರು ಇಮಾಮರಾಗಲಿ. ಅದರಲ್ಲಿ ಸಮಾನರಾದರೆ ಸುನ್ನತ್ ಹೆಚ್ಚು ತಿಳಿದವರು, ಅದರಲ್ಲೂ ಸಮಾನರಾದರೆ ಮೊದಲು ಹಿಜ್ರತ್ ಮಾಡಿದವರು, ಅಲ್ಲಿಯೂ ಸಮಾನರಾದರೆ ಇಸ್ಲಾಮಿಗೆ ಮೊದಲು ಬಂದವರು. ಕೆಲವು ವರದಿಗಳಲ್ಲಿ ಈ ಕೊನೆಯ ಜಾಗದಲ್ಲಿ ವಯಸ್ಸಿನಲ್ಲಿ ಹಿರಿಯರು ಎಂದಿದೆ. ‘ಸಮಾನರಾದರೆ’ ಎಂಬ ಮಾತು ಪ್ರತಿ ಮೆಟ್ಟಿಲಿನಲ್ಲೂ ಬರುವುದನ್ನು ನೋಡಿ. ಓದು, ತಿಳಿವಳಿಕೆ, ಹಿಜ್ರತ್, ಹಿರಿತನ ನಾಲ್ಕೂ ಮುಖ್ಯ ಎಂದಷ್ಟೇ ಹೇಳಿ ಬಿಟ್ಟಿಲ್ಲ. ಮೊದಲನೆಯದು ತೀರ್ಮಾನ ಕೊಡದಿದ್ದರೆ ಮಾತ್ರ ಎರಡನೆಯದರ ಸರದಿ.

ಅದೇ ಹದೀಸಿನ ಕೊನೆಯಲ್ಲಿ ಇನ್ನೊಂದು ಮಾತಿದೆ. ಒಬ್ಬರ ಅಧಿಕಾರವಿರುವ ಜಾಗದಲ್ಲಿ ಅವರ ಅನುಮತಿ ಇಲ್ಲದೆ ಮತ್ತೊಬ್ಬರು ಇಮಾಮತ್ ಮಾಡಬಾರದು. ಇದು ಐದನೆಯ ಮೆಟ್ಟಿಲಲ್ಲ. ಬರೆದ ಕ್ರಮದಲ್ಲಿ ಕೊನೆಗೆ ಬಂದರೂ ಬಲದಲ್ಲಿ ಮೇಲಿನ ನಾಲ್ಕನ್ನೂ ದಾಟುತ್ತದೆ. ನಮ್ಮ ಮಸೀದಿಗೆ ನಮಗಿಂತ ದೊಡ್ಡ ಆಲಿಮರೊಬ್ಬರು ಮೆಹಮಾನ್ ಆಗಿ ಬಂದರೆ ಅವರೇ ತಾನಾಗಿ ಮುಂದೆ ಹೋಗುವುದಿಲ್ಲ. ನೇಮಕವಾದ ಇಮಾಮ್ ‘ಹಜ್ರತ್, ನೀವೇ ಪಢಾಯಿಸಿ’ ಎಂದರೆ ಹೋಗುತ್ತಾರೆ. ಎರಡು ಬಗೆಯ ನಿಯಮಗಳು ಇಲ್ಲಿ ಬೇರೆಬೇರೆಯಾಗಿ ನಿಂತಿವೆ: ಒಂದು ಬಗೆ ಯಾರು ಯಾರಿಗಿಂತ ಮುಂದೆ ಎಂದು ಅಳೆಯುತ್ತದೆ, ಇನ್ನೊಂದು ಬಗೆ ಆ ಅಳತೆಯನ್ನೇ ಬದಿಗೆ ಸರಿಸುತ್ತದೆ. ಹನಫೀ ಫಿಕ್ಹ್‌ನಲ್ಲಿ ನಮಾಝಿನ ಮಸ್‌ಅಲೆಗಳನ್ನು ಹೆಚ್ಚು ತಿಳಿದವರನ್ನು ಒಳ್ಳೆಯ ಖಾರಿಗಿಂತ ಮುಂದೆ ಇಟ್ಟಿದ್ದಾರೆ. ಸಹಾಬಿಗಳ ಕಾಲದಲ್ಲಿ ಹೆಚ್ಚು ಓದಿದವರೇ ಹೆಚ್ಚು ತಿಳಿದವರೂ ಆಗಿದ್ದರು ಎಂಬುದು ಅದಕ್ಕೆ ಕೊಡುವ ಕಾರಣ. ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇದೆ ನಿಜ. ಆದರೆ ಕ್ರಮ ಬಿಡಿಬಿಡಿಯಾಗಿ ಹೇಳಿದ್ದರಿಂದ ಯಾವ ಮೆಟ್ಟಿಲಿನ ಬಗ್ಗೆ ಭಿನ್ನಾಭಿಪ್ರಾಯ ಎಂಬುದು ಎಲ್ಲರಿಗೂ ಗೊತ್ತು.

ಬರೆದ ಕ್ರಮವೇ ಆದ್ಯತೆಯ ಕ್ರಮ ಎಂದು ತಿಳಿಯುವುದು ತಪ್ಪು ಎಂಬುದಕ್ಕೆ ಮೀರಾಸಿನ ಆಯತ್ತಿಗಿಂತ ದೊಡ್ಡ ಸಾಕ್ಷಿ ಬೇಡ. ಸೂರಃ ಅನ್ನಿಸಾದಲ್ಲಿ ವಾರಸುದಾರರ ಪಾಲು ಹೇಳುವಾಗ ವಸೀಯತ್ತಿನ ಮಾತು ಮೊದಲು ಬಂದಿದೆ, ಸಾಲದ ಮಾತು ಆಮೇಲೆ. ಆದರೂ ತೀರಿಕೊಂಡವರ ಆಸ್ತಿಯಿಂದ ಕಫನ್ ದಫನಿನ ಖರ್ಚಾದ ಮೇಲೆ ಮೊದಲು ಸಾಲ ತೀರಿಸಬೇಕು, ಆಮೇಲೆ ಉಳಿದುದರ ಮೂರನೇ ಒಂದು ಭಾಗದೊಳಗೆ ವಸೀಯತ್ತು, ಆಮೇಲೆ ವಾರಸುದಾರರು. ಪ್ರವಾದಿ(ಸ) ಸಾಲವನ್ನು ಮೊದಲು ತೀರಿಸಲು ತೀರ್ಪು ಕೊಟ್ಟರೆಂದು ಹಜ್ರತ್ ಅಲೀ(ರ) ತಿಳಿಸಿದ್ದಾರೆ, ಉಮ್ಮತ್ತು ಅದರ ಮೇಲೆಯೇ ನಡೆದಿದೆ. ಒಂದು ಲಕ್ಷ ರೂಪಾಯಿ ಬಿಟ್ಟುಹೋದವರಿಗೆ 70,000 ಸಾಲವಿದ್ದು, ಮದರಸಾಕ್ಕೆ 30,000 ಕೊಡಿ ಎಂದು ವಸೀಯತ್ತು ಮಾಡಿದ್ದರೆ ಲೆಕ್ಕ ನೋಡಿ. ಸಾಲ ಮೊದಲಾದರೆ ಉಳಿಯುವುದು 30,000, ಮದರಸಾಕ್ಕೆ ಅದರ ಮೂರನೇ ಒಂದು ಅಂದರೆ 10,000, ಮಕ್ಕಳಿಗೆ 20,000. ವಸೀಯತ್ತು ಮೊದಲೆಂದು ಹಿಡಿದರೆ ಮದರಸಾಕ್ಕೆ ಪೂರ್ತಿ 30,000, ಸಾಲಕ್ಕೆ 70,000, ಮಕ್ಕಳ ಕೈಗೆ ಒಂದು ಪೈಸೆಯೂ ಇಲ್ಲ. ನಿಯಮಗಳು ಅವೇ, ಕ್ರಮ ಮಾತ್ರ ಬದಲಾಗಿದೆ.

ಈಗ ಮೊಹಲ್ಲೆಯ ಪಟ್ಟಿಗೆ ಬರೋಣ. ಒಂದು ಕಮಿಟಿ ಹೀಗೆ ಬರೆದಿದೆ ಎಂದು ಇಟ್ಟುಕೊಳ್ಳಿ: ವಿಧವೆಯರಿಗೆ ಮೊದಲು. ದೊಡ್ಡ ಕಾಯಿಲೆಯವರಿಗೆ ಮೊದಲು. ಹೋದ ವರ್ಷ ಪಡೆದವರಿಗೆ ಈ ವರ್ಷ ಇಲ್ಲ. ನಮ್ಮ ಮೊಹಲ್ಲೆಯವರಿಗೆ ಮಾತ್ರ. ಸಾಹಿಬೆ ನಿಸಾಬ್ ಆದವರಿಗೆ ಇಲ್ಲ. ಐದು ನಿಯಮದಲ್ಲಿ ಎರಡು ‘ಮೊದಲು’, ಮೂರು ‘ಇಲ್ಲ’. ಎರಡು ‘ಮೊದಲು’ಗಳಲ್ಲಿ ಯಾವುದು ಮೊದಲು? ‘ಮೊದಲು’ ಮತ್ತು ‘ಇಲ್ಲ’ ಒಟ್ಟಿಗೆ ಬಂದರೆ ಯಾವುದು ಗೆಲ್ಲುತ್ತದೆ? ಹಾಳೆ ಸುಮ್ಮನಿದೆ.

ಇದನ್ನು ಸರಿಮಾಡುವ ದಾರಿ ನಿಯಮಗಳನ್ನು ಹೆಚ್ಚಿಸುವುದಲ್ಲ, ಇರುವುದನ್ನೇ ಬಾಗಿಲುಗಳಾಗಿ ನಿಲ್ಲಿಸುವುದು. ಮೊದಲ ಬಾಗಿಲಲ್ಲಿ ಯಾವ ಕಾರಣಕ್ಕೂ ಸಡಿಲವಾಗದ ‘ಇಲ್ಲ’ಗಳು. ಝಕಾತ್ ಹಣಕ್ಕೆ ನಿಸಾಬಿನ ನಿಯಮ ಇಲ್ಲಿಗೇ ಸೇರಬೇಕು, ಅದನ್ನು ಸಡಿಲಿಸುವ ಅಧಿಕಾರ ಕಮಿಟಿಗಾಗಲಿ ನಮಗಾಗಲಿ ಇಲ್ಲ. ಎರಡನೆಯ ಬಾಗಿಲಲ್ಲಿ ಕಮಿಟಿಯೇ ಮಾಡಿಕೊಂಡ ‘ಇಲ್ಲ’ಗಳು, ಅವುಗಳಿಗೆ ಹೆಸರಿಟ್ಟು ಹೇಳಿದ ವಿನಾಯಿತಿಗಳ ಸಹಿತ. ‘ಹೋದ ವರ್ಷ ಪಡೆದವರಿಗೆ ಈ ವರ್ಷ ಇಲ್ಲ, ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವವರನ್ನು ಬಿಟ್ಟು’ ಎಂದು ಬರೆದರೆ ಯಾವ ನಿಯಮ ಯಾವುದನ್ನು ದಾಟುತ್ತದೆ ಎಂಬುದು ಸ್ಪಷ್ಟ. ಮೊಹಲ್ಲೆಯ ನಿಯಮವೂ ಇಲ್ಲಿಗೇ ಸೇರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳ ಜನ ಮನೆ ಬಿಟ್ಟು ಬಂದರಲ್ಲ, ಅಂಥವರು ಮೊಹಲ್ಲೆಯ ಲೆಕ್ಕಕ್ಕೆ ಸೇರುತ್ತಾರೋ ಇಲ್ಲವೋ ಎಂಬುದನ್ನು ನೀರು ಬರುವ ಮುಂಚೆಯೇ ಬರೆದಿಡಬೇಕು. ಎರಡು ಬಾಗಿಲು ದಾಟಿದವರಿಗೆ ಮಾತ್ರ ಮೂರನೆಯದು, ಸರದಿ: ಮೊದಲು ಚಿಕಿತ್ಸೆಯಲ್ಲಿರುವವರು, ಆಮೇಲೆ ಚಿಕ್ಕ ಮಕ್ಕಳಿರುವ ವಿಧವೆಯರು, ಆಮೇಲೆ ಉಳಿದವರು. ಒಂದೇ ಗುಂಪಿನೊಳಗೆ ಹೆಚ್ಚು ಮಕ್ಕಳಿರುವ ಮನೆ ಮುಂದೆ. ಅಲ್ಲಿಯೂ ಸಮಾನರಾದರೆ ಚೀಟಿ ಎತ್ತುವುದು. ಪ್ರವಾದಿ(ಸ) ಸಫರಿಗೆ ಹೊರಡುವಾಗ ಯಾವ ಪತ್ನಿ ಜೊತೆಗೆ ಬರಬೇಕೆಂದು ಚೀಟಿಯಿಂದಲೇ ತೀರ್ಮಾನಿಸುತ್ತಿದ್ದರು, ಇದರಲ್ಲಿ ಸಂಕೋಚ ಬೇಡ.

ನಾಲ್ಕು ಅರ್ಜಿಗಳ ಮೇಲೆ ಇದನ್ನು ಇಟ್ಟು ನೋಡಿ. ನಾಲ್ವರೂ ಮೊಹಲ್ಲೆಯವರು, ಯಾರೂ ಸಾಹಿಬೆ ನಿಸಾಬ್ ಅಲ್ಲ. ಮೊದಲನೆಯವರು ವಿಧವೆ, ಇಬ್ಬರು ಮಕ್ಕಳು, ಹೋದ ವರ್ಷ ಪಡೆದಿದ್ದಾರೆ. ಎರಡನೆಯವರು ಡಯಾಲಿಸಿಸ್‌ಗೆ ಹೋಗುವ ಮನುಷ್ಯ, ಅವರೂ ಹೋದ ವರ್ಷ ಪಡೆದಿದ್ದಾರೆ. ಮೂರನೆಯವರು ವಿಧವೆ, ಮೂವರು ಮಕ್ಕಳು, ಹೋದ ವರ್ಷ ಪಡೆದಿಲ್ಲ. ನಾಲ್ಕನೆಯವರು ಗಟ್ಟಿಮುಟ್ಟಾದ ಕೂಲಿಕಾರ, ಐವರು ಮಕ್ಕಳು, ಅವರೂ ಪಡೆದಿಲ್ಲ. ಹಳೆಯ ಹಾಳೆಯಲ್ಲಿ ಮೊದಲ ಇಬ್ಬರ ಮೇಲೆ ‘ಮೊದಲು’ ಮತ್ತು ‘ಇಲ್ಲ’ ಎರಡೂ ಬಿದ್ದಿವೆ, ಜಗಳ ಖಚಿತ. ಹೊಸ ಕ್ರಮದಲ್ಲಿ ಮೊದಲನೆಯ ವಿಧವೆ ಎರಡನೇ ಬಾಗಿಲಲ್ಲಿ ನಿಂತರು, ಡಯಾಲಿಸಿಸಿನವರು ವಿನಾಯಿತಿಯಿಂದ ಒಳಗೆ ಬಂದರು. ಸರದಿ ಹೀಗಾಯಿತು: ಡಯಾಲಿಸಿಸಿನವರು, ಮೂವರು ಮಕ್ಕಳ ವಿಧವೆ, ಕೂಲಿಕಾರ.

‘ವಿಧವೆಯರಿಗೂ ಆ ವಿನಾಯಿತಿ ಇರಬೇಕಿತ್ತು’ ಎಂದು ಯಾರಾದರೂ ಎದ್ದು ಹೇಳಬಹುದು. ಹೇಳಲಿ, ಅದು ನ್ಯಾಯವಾದ ಚರ್ಚೆ. ಒಪ್ಪಿಕೊಂಡರೆ ಏನಾಗುತ್ತದೆ ನೋಡಿ. ಮೊದಲನೆಯ ವಿಧವೆ ಒಳಗೆ ಬರುತ್ತಾರೆ, ಆದರೆ ಇಬ್ಬರೇ ಮಕ್ಕಳಾದ್ದರಿಂದ ಮೂವರು ಮಕ್ಕಳವರ ಹಿಂದೆ ನಿಲ್ಲುತ್ತಾರೆ. ಇಬ್ಬರಿಗೆ ಆಗುವಷ್ಟೇ ಹಣವಿದ್ದರೆ ಫಲ ಬದಲಾಗುವುದೇ ಇಲ್ಲ. ಮೂವರಿಗೆ ಆಗುವಷ್ಟಿದ್ದರೆ ಕೂಲಿಕಾರನ ಬದಲು ಈ ತಾಯಿಗೆ ಸಿಗುತ್ತದೆ. ಎರಡು ತಾಸು ಕೂಗಾಡುವುದಕ್ಕಿಂತ, ‘ಮೂರನೆಯ ಪಾಲು ಐವರು ಮಕ್ಕಳ ಕೂಲಿಕಾರನಿಗೋ, ಹೋದ ವರ್ಷ ಪಡೆದ ವಿಧವೆಗೋ’ ಎಂಬ ಒಂದೇ ಪ್ರಶ್ನೆ ಕಮಿಟಿಯ ಮುಂದೆ ಉಳಿಯುತ್ತದೆ. ಅದಕ್ಕೇ ನಾವು ಹೇಳುವುದು, ಹೊಸ ಕ್ರಮ ಒಪ್ಪುವ ಮುಂಚೆ ಹೋದ ವರ್ಷದ ಅರ್ಜಿಗಳನ್ನು ಹೆಸರು ಮುಚ್ಚಿ ಅದರ ಮೇಲೆ ಓಡಿಸಿ ನೋಡಬೇಕು. ಪಟ್ಟಿಯ ತುದಿಯಲ್ಲಿ, ಹಣ ಮುಗಿಯುವ ಜಾಗದಲ್ಲಿ ಯಾರು ಉಳಿದರು, ಯಾರು ಹೋದರು ಎಂಬುದನ್ನು ಮಾತ್ರ ಗಮನಿಸಿದರೆ ಸಾಕು.

ಒಂದು ಅಪಾಯವೂ ಇದೆ. ಮೊದಲ ಮೆಟ್ಟಿಲನ್ನು ತೀರಾ ಸೂಕ್ಷ್ಮವಾಗಿ ಅಳೆದರೆ ಕೆಳಗಿನ ಮೆಟ್ಟಿಲುಗಳು ಸತ್ತಂತೆ. ‘ಕಡಿಮೆ ಆದಾಯದವರು ಮುಂದೆ, ಸಮಾನರಾದರೆ ಕಾಯಿಲೆಯವರು’ ಎಂದು ಬರೆದು ಆದಾಯವನ್ನು ರೂಪಾಯಿ ಲೆಕ್ಕದಲ್ಲಿ ನೋಡಿದರೆ 6,100ರವರೂ 6,150ರವರೂ ಎಂದೂ ಸಮಾನರಾಗುವುದಿಲ್ಲ. ಐವತ್ತು ರೂಪಾಯಿಯ ವ್ಯತ್ಯಾಸ ಒಂದು ಕಾಯಿಲೆಯನ್ನು ಹೊರಗೆ ತಳ್ಳಿಬಿಡುತ್ತದೆ. ಎಂಟು ಸಾವಿರದೊಳಗಿನವರೆಲ್ಲ ಒಂದು ಗುಂಪು ಎಂದರೆ ಎರಡನೆಯ ನಿಯಮಕ್ಕೆ ಜೀವ ಬರುತ್ತದೆ. ಇಮಾಮತ್ತಿನ ಹದೀಸಿನಲ್ಲಿಯೂ ಇಬ್ಬರ ಓದನ್ನು ಯಾರೂ ತಕ್ಕಡಿಯಲ್ಲಿ ತೂಗುವುದಿಲ್ಲ.

ಸರಕಾರವೂ ಇಂಥ ಪಟ್ಟಿ ಮಾಡಿದೆ. 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯಲ್ಲಿ ಹಳ್ಳಿಯ ಮನೆಗಳಿಗೆ ಮೂರು ಹಂತ ಇಟ್ಟಿದ್ದರು. ಮೊದಲು ಹೊರಗಿಡುವ 14 ಗುರುತು, ಆಮೇಲೆ ತಾನಾಗಿ ಸೇರಿಸುವ 5, ಉಳಿದವರಿಗೆ ಕೊರತೆಯ 7. ಹೊರಗಿಡುವುದು ಎಲ್ಲಕ್ಕಿಂತ ಮೊದಲು ಎಂದು ಕ್ರಮ ಗಟ್ಟಿಯಾಗಿತ್ತು. ಹಾಗಾಗಿ ಜೀತದಿಂದ ಬಿಡುಗಡೆಯಾದ ಮನೆ ಎರಡನೆಯ ಹಂತದಲ್ಲಿ ತಾನಾಗಿ ಸೇರಬೇಕಾದದ್ದಾದರೂ, ಮಗ ಕಂತಿನ ಮೇಲೆ ಮೋಟಾರ್ ಸೈಕಲ್ ತಂದಿದ್ದರೆ ಮೊದಲ ಹಂತದಲ್ಲೇ ಹೊರಗೆ. ವಸತಿ ಯೋಜನೆಗೂ ಈ ಗಣತಿಯ ಪಟ್ಟಿಯನ್ನೇ ಹಿಡಿದು, ಬೈಕು, ಫ್ರಿಜ್ಜು, ತಿಂಗಳಿಗೆ 10,000ಕ್ಕಿಂತ ಹೆಚ್ಚಿನ ಆದಾಯ ಇದ್ದವರನ್ನು ಬಿಟ್ಟರು. ಕ್ರಮ ಸ್ಪಷ್ಟವಾಗಿದ್ದಷ್ಟರಿಂದ ನ್ಯಾಯ ಆಯಿತು ಎಂದು ನಾವು ಹೇಳುವುದಿಲ್ಲ. ಆದರೆ ದೂರುವವರಿಗೆ ಬೊಟ್ಟು ಎಲ್ಲಿಡಬೇಕೆಂದು ಗೊತ್ತಿತ್ತು: ಆ ಬೈಕಿನ ಗೆರೆಯ ಮೇಲೆ. 2024ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗಕ್ಕೆ ಹೊರಗಿಡುವ ಗುರುತುಗಳಿಂದ ಬೈಕು ಮತ್ತು ಫ್ರಿಜ್ಜನ್ನು ತೆಗೆದುಹಾಕಿದರು, ಆದಾಯದ ಮಿತಿಯನ್ನು 15,000ಕ್ಕೆ ಏರಿಸಿದರು. ಹಂತಗಳನ್ನು ಮುಟ್ಟಬೇಕಾಗಲಿಲ್ಲ.

ಈ ವರ್ಷ ಹಾಳೆ ಅಂಟಿಸುವ ಕಮಿಟಿಯವರಲ್ಲಿ ನಮ್ಮ ಕೋರಿಕೆ ಇಷ್ಟು. ‘ಮೊದಲು’ ಎಂಬ ಪದ ಹಾಳೆಯಲ್ಲಿ ಎಷ್ಟು ಸಲ ಬಂದಿದೆ ಎಣಿಸಿ. ಎರಡು ಸಲ ಬಂದಿದ್ದರೆ ಅವೆರಡರ ನಡುವೆ ‘ಸಮಾನರಾದರೆ’ ಎಂದು ಬರೆಯಿರಿ. ಪ್ರತಿ ‘ಇಲ್ಲ’ದ ಮುಂದೆ ಅದನ್ನು ದಾಟುವವರು ಯಾರು, ಅಥವಾ ಯಾರೂ ಇಲ್ಲ ಎಂದು ಬರೆಯಿರಿ. ಹಾಳೆಯ ಕೆಳಗೆ ತಾರೀಖು ಹಾಕಿ, ಅರ್ಜಿ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಅದನ್ನು ತಿದ್ದಬೇಡಿ. ತಿದ್ದುವುದಿದ್ದರೆ ಈದ್ ಮುಗಿದ ಮೇಲೆ ಮುತವಲ್ಲಿ ಸಾಹೇಬರ ಹತ್ತಿರ ಬರೆದು ಕೊಡಿ, ಮುಂದಿನ ವರ್ಷದ ಹಾಳೆಗೆ ಸೇರಿಸಬಹುದು.