ಭತ್ತದ ಹುಲ್ಲಿಗೆ ಯೂರಿಯಾ: ಇಪ್ಪತ್ತೊಂದು ದಿನ ಬಣವೆಯೊಳಗೆ ಏನಾಗುತ್ತದೆ?

ಕೋಲಾರ ಸೀಮೆಯಲ್ಲಿ ಹಸು ಕಟ್ಟಿದವರಿಗೆ ರಾಗಿ ಹುಲ್ಲೇ ಮೊದಲ ಆಯ್ಕೆ. ಮಳೆ ಕೈಕೊಟ್ಟು ರಾಗಿ ಬಣವೆ ಕರಗಿದ ಬೇಸಿಗೆಯಲ್ಲಿ ಮಾತ್ರ ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರೂ ದುಡ್ಡು ಕೊಟ್ಟು ಭತ್ತದ ಹುಲ್ಲು ತರಿಸಬೇಕಾಗುತ್ತದೆ. ಹಸು ಅದನ್ನು ಒಲ್ಲದ ಮನಸ್ಸಿನಿಂದ ತಿನ್ನುತ್ತದೆ, ತಿಂದದ್ದೂ ಪೂರ್ತಿ ಮೈಗೆ ಹತ್ತುವುದಿಲ್ಲ.

ಭತ್ತದ ಹುಲ್ಲಿನಲ್ಲಿ ಶಕ್ತಿಗೇನೂ ಕೊರತೆಯಿಲ್ಲ. ಅದರಲ್ಲಿ ಸೆಲ್ಯುಲೋಸ್ ಧಾರಾಳವಾಗಿದೆ, ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಅದೇ ಊಟ. ಆದರೆ ಲಿಗ್ನಿನ್ ಎಂಬ ಗಟ್ಟಿ ವಸ್ತು ಹುಲ್ಲಿನ ನಾರಿಗೆ ಬಿಗಿಯಾಗಿ ಅಂಟಿಕೊಂಡು ಸೂಕ್ಷ್ಮಜೀವಿಗಳನ್ನು ಒಳಗೆ ಬಿಡುವುದಿಲ್ಲ. ಜೊತೆಗೆ ಪ್ರೋಟೀನ್ ಇರುವುದು ಶೇ. 3–4ರಷ್ಟೇ. ಸಾರಜನಕ ಸಾಲದೆ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಹೊಟ್ಟೆಯಲ್ಲಿ ಹುಲ್ಲು ಬೇಗ ಕರಗುವುದಿಲ್ಲ, ಹೊಟ್ಟೆ ಖಾಲಿಯಾಗದ ಹಸು ಮತ್ತೆ ಮೇವಿಗೆ ಬಾಯಿ ಹಾಕುವುದಿಲ್ಲ.

ಈ ಎರಡು ಕೊರತೆಗೂ ಯೂರಿಯಾ ಮದ್ದಾಗುತ್ತದೆ, ಆದರೆ ನೇರವಾಗಿ ಅಲ್ಲ. ಹುಲ್ಲಿನ ಮೇಲೆ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳ ಯೂರಿಯೇಸ್ ಎಂಬ ಕಿಣ್ವ ತೇವದಲ್ಲಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ನೀರಿನೊಂದಿಗೆ ಸೇರಿದ ಅಮೋನಿಯಾ ಕ್ಷಾರವಾಗಿ, ಲಿಗ್ನಿನ್ನಿಗೂ ನಾರಿಗೂ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ. ನಾರು ಉಬ್ಬಿ ಮೆತ್ತಗಾಗುತ್ತದೆ. ಸ್ವಲ್ಪ ಅಮೋನಿಯಾ ಹುಲ್ಲಿನಲ್ಲೇ ಉಳಿದು ಸೂಕ್ಷ್ಮಜೀವಿಗಳಿಗೆ ಸಾರಜನಕ ಒದಗಿಸುತ್ತದೆ. ಲೆಕ್ಕಕ್ಕೆ ಪ್ರೋಟೀನ್ ಶೇ. 7–8ಕ್ಕೆ ಏರುತ್ತದೆ.

ಎರಡು ಸೀಮೆ ಹಸುಗಳಿರುವ ಮನೆಯನ್ನೇ ತೆಗೆದುಕೊಳ್ಳೋಣ. ದಿನಕ್ಕೆ ಎರಡಕ್ಕೂ ಸೇರಿ 10 ಕೆಜಿ ಒಣಹುಲ್ಲೆಂದರೆ ತಿಂಗಳಿಗೆ 300 ಕೆಜಿ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, ಸುಮಾರು 40–50 ಲೀಟರ್ ನೀರು ಎಂಬುದು ರೂಢಿಯ ಪ್ರಮಾಣ. ಅಂದರೆ ಒಟ್ಟು 12 ಕೆಜಿ ಯೂರಿಯಾ ಬೇಕು. 45 ಕೆಜಿ ಮೂಟೆಗೆ 266 ರೂಪಾಯಿಯ ಆಸುಪಾಸಿನ ಬೆಲೆಯಲ್ಲಿ ಇದು 75 ರೂಪಾಯಿಯನ್ನೂ ಮುಟ್ಟುವುದಿಲ್ಲ. ನಿಜವಾದ ಖರ್ಚು ಹೊದಿಕೆಯ ಟಾರ್ಪಾಲಿಗೆ, ಕೂಲಿಗೆ, ಬೇಸಿಗೆಯ ನೀರಿಗೆ.

ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ 50 ಕೆಜಿ ಹುಲ್ಲು ಹರಡಿ. 2 ಕೆಜಿ ಯೂರಿಯಾವನ್ನು 20–25 ಲೀಟರ್ ನೀರಿನಲ್ಲಿ ಒಂದು ಕಾಳೂ ಉಳಿಯದಂತೆ ಕರಗಿಸಿ, ಹೂಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಒಂದೇ ಸಮ ಚಿಮುಕಿಸಿ, ಕಾಲಿನಿಂದ ಚೆನ್ನಾಗಿ ತುಳಿಯಬೇಕು. ಅದರ ಮೇಲೆ ಇನ್ನೊಂದು ಪದರ. ಹೀಗೆ ಆರು ಪದರ. ಯಂತ್ರ ಕಟ್ಟಿದ ರೋಲುಗಳಾದರೆ ಬಿಚ್ಚಿಯೇ ಹರಡಬೇಕು, ಇಲ್ಲದಿದ್ದರೆ ನಡುವಿನ ಹುಲ್ಲು ಒಣಗೇ ಉಳಿಯುತ್ತದೆ. ಕರಗಿಸಿದ ನೀರಿನ ಬಕೆಟ್ಟಿಗೆ ದನ ಬಾಯಿ ಹಾಕದಂತೆ ನೋಡಿಕೊಳ್ಳಿ, ಅದು ನೇರ ವಿಷ.

ಕೊನೆಗೆ ಟಾರ್ಪಾಲು ಮುಚ್ಚಿ, ಅಂಚಿಗೆ ಸುತ್ತಲೂ ಮಣ್ಣು ಮೆತ್ತಿ 21 ದಿನ ಬಿಡಬೇಕು. ನನ್ನ ಪ್ರಕಾರ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಮೂಲೆಯಲ್ಲಿ ಒಂದು ಸಂದು ಉಳಿದರೂ ಅಮೋನಿಯಾ ಹೊರಟುಹೋಗುತ್ತದೆ. ಹುಲ್ಲು ಬರೀ ಒದ್ದೆಯಾಗಿ ಉಳಿದು ಬೂಷ್ಟು ಹಿಡಿಯುತ್ತದೆ. ಡಿಸೆಂಬರ್–ಜನವರಿಯ ಚಳಿಯಲ್ಲಿ ಕ್ರಿಯೆ ನಿಧಾನವಾಗುವುದರಿಂದ ಇನ್ನೊಂದು ವಾರ ಕಾಯುವುದು ಒಳ್ಳೆಯದು.

ತೆರೆದಾಗ ಹುಲ್ಲು ಹೊಂಬಣ್ಣದಿಂದ ಕಂದಿಗೆ ತಿರುಗಿರಬೇಕು, ಹಿಡಿದರೆ ಮೆತ್ತಗಿರಬೇಕು, ಮೂಗಿಗೆ ಘಾಟು ಹೊಡೆಯಬೇಕು. ಘಾಟಿಲ್ಲದೆ ಮುಗ್ಗಲು ವಾಸನೆ ಬಂದು ಬಿಳಿ ಅಥವಾ ಕಪ್ಪು ಬೂಷ್ಟು ಕಂಡರೆ ಆ ಭಾಗ ತಿಪ್ಪೆಗೆ. ಒಣಗೇ ಉಳಿದ ಜಾಗದಲ್ಲಿ ಯೂರಿಯಾದ ಹರಳು ಕಂಡರೆ ಇನ್ನೂ ಎಚ್ಚರ ಬೇಕು, ಅಲ್ಲಿ ಯೂರಿಯಾ ಒಡೆದೇ ಇಲ್ಲ.

ಒಂದು ಬದಿಯಿಂದ ಆ ದಿನಕ್ಕೆ ಬೇಕಾದಷ್ಟೇ ಎಳೆದು ಮತ್ತೆ ಮುಚ್ಚಿ, ಎಳೆದದ್ದನ್ನು ಒಂದೆರಡು ಗಂಟೆ ಗಾಳಿಗೆ ಹರಡಿ ಹಾಕಬೇಕು. ಹಾಕಿದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹಾರಿಹೋಗುತ್ತದೆ, ಅದು ತಪ್ಪಿದ್ದಲ್ಲ. ಮೊದಲ ವಾರ ಮಾಮೂಲಿ ಹುಲ್ಲಿನ ಜೊತೆ ಬೆರೆಸಿ ಅಭ್ಯಾಸ ಮಾಡಿಸಿ. ಆರು ತಿಂಗಳೊಳಗಿನ ಕರುವಿನ ಮೊದಲ ಹೊಟ್ಟೆ ಇನ್ನೂ ಪೂರ್ತಿ ಪಳಗಿರುವುದಿಲ್ಲ, ಅದಕ್ಕೆ ಕೊಡಲೇಬೇಡಿ. ಭತ್ತದ ಹುಲ್ಲಿನ ಆಕ್ಸಲೇಟು ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ಯೂರಿಯಾ ಅದನ್ನು ಸರಿಪಡಿಸುವುದಿಲ್ಲ. ಹಾಗಾಗಿ ಖನಿಜ ಮಿಶ್ರಣ ನಿಲ್ಲಿಸುವ ಹಾಗಿಲ್ಲ.

ಇಷ್ಟೆಲ್ಲ ಮಾಡಿದರೆ ಯಾರಿಗೆ ಲಾಭ? ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಮತ್ತು ನೆದರ್ಲೆಂಡ್ಸಿನ ವಾಗೆನಿಂಗನ್ ಸಂಶೋಧಕರು 1980–90ರ ದಶಕಗಳಲ್ಲಿ ಸೇರಿ ನಡೆಸಿದ ಬೆಳೆಶೇಷ ಯೋಜನೆಯಲ್ಲಿ ಇದೇ ಪ್ರಶ್ನೆ ಪರೀಕ್ಷೆಗೆ ಬಂತು. ಹುಲ್ಲು ಸಾಕಷ್ಟಿದ್ದು ಹಸಿ ಮೇವಿಲ್ಲದ ಕಡೆ ಮಾತ್ರ ಇದು ಗಿಟ್ಟುತ್ತದೆ ಎಂಬುದು ಅಲ್ಲಿ ಕಂಡ ಉತ್ತರ. ಮಾಲೂರಿನ ಬೋರ್‌ವೆಲ್ ತೋಟದಲ್ಲಿ ನೇಪಿಯರ್ ಬೆಳೆದುಕೊಂಡು ರಾಗಿ ಹುಲ್ಲನ್ನೂ ಕೂಡಿಟ್ಟವರು ಈ ತಾಪತ್ರಯ ಪಡಬೇಕಿಲ್ಲ. ದಿನಕ್ಕೆ 15 ಲೀಟರ್ ಕರೆಯುವ ಹಸುವಿಗೆ ಹಿಂಡಿ, ಬೂಸಾ ಬೇಕೇ ಬೇಕು. ಐದಾರು ಲೀಟರ್ ಕೊಡುವ, ಒಣಹುಲ್ಲೇ ಮುಖ್ಯ ಮೇವಾದ ಹಸುವಿಗೂ ಬತ್ತಿಸಿದ ಗಬ್ಬದ ಹಸುವಿಗೂ ಕೊಂಡು ತಂದ ಭತ್ತದ ಹುಲ್ಲಿನಲ್ಲಿ ಇದರ ಫಲ ಕಾಣುತ್ತದೆ. ಅಂಥವರು ಮೊದಲ ಬಣವೆ ತೆರೆದು ಒಂದು ವಾರವಾಗುತ್ತಲೇ ಎರಡನೆಯದನ್ನು ಕಟ್ಟಿಡಬೇಕು, ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಹದಕ್ಕೆ ಬಂದಿರುತ್ತದೆ.